ಅಟ್ಟದ ಮೇಲೆ ಯಾರು, ಟಿಕೆಟ್ ಐವತ್ತು

ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ, ಧ್ವನಿ ಗೊತ್ತಿರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಆಟೋ ನೆತ್ತಿಯ ಮೇಲೆ ಮೈಕು ಕಟ್ಟಿಕೊಂಡು ಉಚಿತ ಕಣ್ಣಿನ ತಪಾಸಣೆ, ಸೀರೆಗಳ ಮೇಲೆ ಭಾರಿ ರಿಯಾಯಿತಿ, ನಾಳೆ ಕರೆಂಟಿಲ್ಲ ಎಂದು ಯಾವನಾದರೂ ಕೂಗಿಕೊಂಡು ಹೋದರೆ ಅವನು ನಾನೇ, ನಾಗಭೂಷಣ. ಹದಿನೆಂಟು ವರ್ಷದಿಂದ ಇದೇ ಕಸುಬು. ಕಿಬ್ಬನಹಳ್ಳಿಯ ಜಂಕ್ಷನ್ನಿನಲ್ಲಿ ಒಂದು ರೂಮಿದೆ, ಅದರ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಸ್ಟುಡಿಯೋ ಎಂದು ಬೋರ್ಡು ಹಾಕಿದ್ದೇನೆ. ನನ್ನ ಗಂಟಲಿನ ಬಗ್ಗೆ ನನಗೆ ಕೊಂಚ ಜಂಬವಿದೆ, ಅದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ನಡೆದ ಎಡವಟ್ಟಿಗೆಲ್ಲ ಆ ಜಂಬವೇ ಕಾರಣ.

ಬುಧವಾರ ಬೆಳಿಗ್ಗೆ ಅನಿತಾ ಬಂದಳು. ಹೊನ್ನವಳ್ಳಿಯವಳು, ಐದು ಜನರ ಬೀದಿ ನಾಟಕದ ತಂಡ ಕಟ್ಟಿಕೊಂಡಿದ್ದಾಳೆ. ಆರು ವರ್ಷದಿಂದ ಒಂದು ಸಂಸ್ಥೆಯವರು ಕೊಡುವ ಜಾಗೃತಿ ನಾಟಕಗಳನ್ನೇ ಆಡುತ್ತಿದ್ದಳು. ಡೆಂಗ್ಯೂ ಬಂದರೆ ಸೊಳ್ಳೆ, ಕಸದ ಅಭಿಯಾನ ಬಂದರೆ ಕಸದ ಬುಟ್ಟಿ. ನೋಡುವವರು ಯಾರೆಂದರೆ ಮೇಷ್ಟ್ರು ಸಾಲಾಗಿ ಕರೆತಂದ ಶಾಲೆ ಮಕ್ಕಳು ಮತ್ತು 'ಬರದೇ ಇದ್ದರೆ ಸಾಲ ಮಂಜೂರಾಗಲ್ಲ' ಎಂದು ಹೆದರಿಸಿ ಕೂರಿಸಿದ ಸ್ವಸಹಾಯ ಸಂಘದ ಹೆಂಗಸರು. ಸಂಸ್ಥೆಗೆ ಲೆಕ್ಕ ತೋರಿಸಲು ಜಾಗದ ಗುರುತು ಬೀಳುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಿದ್ದರಂತೆ. ಇವಳು ಸೊಳ್ಳೆಯಾಗಿ ಸಾಯುವ ಹೊತ್ತಿಗೆ ಅಳುವುದಕ್ಕೆ ನಾಯಿಯೂ ಇರುತ್ತಿರಲಿಲ್ಲ.

ಈಗ ಅವಳು ಮೊದಲ ಸಲ ತನ್ನದೇ ಒಂದು ನಾಟಕ ಬರೆದಿದ್ದಳು. ಶನಿವಾರ ಸಂಜೆ ಹೊನ್ನವಳ್ಳಿಯಲ್ಲಿ ಆಟ. ಸಂಸ್ಥೆಯವರ ಮೂರು ವರ್ಷದ ಹೊಸ ಕರಾರು ಅವಳ ಬ್ಯಾಗಿನಲ್ಲೇ ಇತ್ತು. ಬೇರೆ ಯಾವ ನಾಟಕವನ್ನೂ ಆಡಬಾರದು ಎಂಬ ಷರತ್ತು ಅದರಲ್ಲಿ, ಸೋಮವಾರ ಸಹಿ ಹಾಕಬೇಕು. ತಂಡದ ಉಳಿದ ನಾಲ್ವರೂ ಹಾಕು ಎನ್ನುತ್ತಿದ್ದರು. ಇವಳು ಶನಿವಾರ ಆಗಲಿ ಎಂದು ತಡೆದಿದ್ದಳು.

"ನಮ್ಮನ್ನ ನೋಡಕ್ಕೆ ಅಂತ ಯಾರಾದ್ರೂ ಅವರಾಗೇ ಬತ್ತಾರಾ, ಅಷ್ಟು ಗೊತ್ತಾಗ್ಬೇಕು ನಾಗಣ್ಣ. ಬರ್ಲಿಲ್ಲ ಅಂದ್ರೆ ಸೈನ್ ಹಾಕಿ ಸೊಳ್ಳೆನೇ ಆಯ್ತೀನಿ, ಬುಡಿ."

ಅದಕ್ಕೇ ಟಿಕೆಟ್ಟು. ಬೀದಿಯಲ್ಲಿ ಆಡುವ ನಾಟಕಕ್ಕೆ ಟಿಕೆಟ್ಟೇ ಎಂದು ನಾನು ನಕ್ಕೆ. ಪುಕ್ಕಟೆ ಇಟ್ಟರೆ ಬಸ್ಸಿಗೆ ಕಾಯುವವರೂ ಬಂದು ನಿಲ್ಲುತ್ತಾರೆ, ಐವತ್ತು ರೂಪಾಯಿ ಕೊಟ್ಟು ಬಂದವರು ನಾಟಕಕ್ಕೇ ಬಂದವರು ಎಂದು ಅವಳ ಲೆಕ್ಕ. ಬೀದಿಯ ಬದಲು ಸಂತೆ ಮೈದಾನದ ಹಿಂದಿನ ಹಳೇ ಕೊಬ್ಬರಿ ಮಂಡಿಯ ಅಂಗಳ ಹಿಡಿದಿದ್ದಳು. ಮೂರು ಕಡೆ ಗೋಡೆ, ಒಂದು ಕಡೆ ಗೇಟು. ನೆಲದ ಮೇಲೆ ಚಾಪೆ, ಆಡುವವರಿಗೂ ನೋಡುವವರಿಗೂ ಮೂರು ಮಾರು ದೂರ.

ನಾಟಕದ ಕತೆ ಕೇಳಿ ನನಗೆ ಕಿವಿ ನೆಟ್ಟಗಾಯಿತು. ನಮ್ಮ ಕಡೆ ತೆಂಗಿನಕಾಯಿ ಕೊಬ್ಬರಿ ಆಗಬೇಕಾದರೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಲೊಟಲೊಟ ಎನ್ನುವವರೆಗೂ ಅದನ್ನು ಯಾರೂ ಮುಟ್ಟುವುದಿಲ್ಲ. ಅಂಥ ಒಂದು ಅಟ್ಟದ ಮೇಲೆ ರಾತ್ರಿ ಹೊತ್ತು ಸದ್ದಾಗುತ್ತದೆ. ಕಳ್ಳನೋ ದೆವ್ವವೋ ಎಂದು ಮನೆಯವರು ನಡುಗುತ್ತಾರೆ. ಕೊನೆಗೆ ನೋಡಿದರೆ ಅಲ್ಲಿರುವುದು ಆ ಮನೆಯ ಸೊಸೆ. ಕಾಯಿ ಸುಲಿಯುವುದಕ್ಕೆ, ಕೊಬ್ಬರಿ ಒಡೆಯುವುದಕ್ಕೆ ನಾನು ಬೇಕು, ಹರಾಜಿನ ದಿನ ರೇಟು ಒಪ್ಪುವುದಕ್ಕೆ ಮಾತ್ರ ನನ್ನನ್ನು ಕೇಳುವುದಿಲ್ಲವಲ್ಲ ಎಂದು ಮುನಿಸಿಕೊಂಡು ಹತ್ತಿ ಕೂತಿರುತ್ತಾಳೆ. ಮನೆಯಲ್ಲಿ ಅವಳಿಲ್ಲ ಎನ್ನುವುದೇ ಯಾರಿಗೂ ಗೊತ್ತಾಗಿರುವುದಿಲ್ಲ, ತವರಿಗೆ ಹೋಗಿದ್ದಾಳೆ ಅಂದುಕೊಂಡಿರುತ್ತಾರೆ.

ಅನಿತಾಗೆ ಬೇಕಾಗಿದ್ದದ್ದು ಸಿನಿಮಾ ಟ್ರೈಲರಿನಂಥ ಒಂದು ಪ್ರಚಾರ. ಸೊಸೆಯ ಸುದ್ದಿ ಬಾಯಿ ತಪ್ಪಿಯೂ ಬರಬಾರದು. ಪ್ರತಿ ಸಾಲೂ ಕೇಳುವವನ ಹತ್ತಿರ ಹತ್ತಿರ ಬರಬೇಕು, ಮೊದಲು ಊರು, ಆಮೇಲೆ ಬೀದಿ, ಆಮೇಲೆ ಮನೆ, ಆಮೇಲೆ ಅಟ್ಟ. ಬಾಗಿಲು ತೆರೆಯುವ ಮುಂಚೆ ಕತ್ತರಿಸಬೇಕು. ಟಿಕೆಟ್ಟಿನ ವಿವರ ಬಂದಾಗ ಹಿಂದೆ ಮ್ಯೂಸಿಕ್ ಇರಕೂಡದು, ನಿಧಾನಕ್ಕೆ ಹೇಳಬೇಕು, ಫೋನ್ ನಂಬರ್ ಎರಡು ಸಲ. ಇದೆಲ್ಲ ಅವಳೇ ಕಾಗದದ ಮೇಲೆ ಬರೆದು ತಂದಿದ್ದಳು. ಹದಿನೆಂಟು ವರ್ಷದ ಸರ್ವಿಸಿನವನಿಗೆ ಬಂದು ಪಾಠ ಹೇಳುತ್ತಾಳಲ್ಲ ಎಂದು ನನಗೆ ಉರಿಯಿತು. ಆದರೂ ಸದ್ದಿಗೆಂದು ಒಂದು ಒಣಗಿದ ಕಾಯಿಯನ್ನು ಮೈಕಿನ ಮುಂದೆ ಅಲ್ಲಾಡಿಸಿದಾಗ ನನ್ನ ಕೈಮೇಲಿನ ಕೂದಲೇ ಎದ್ದು ನಿಂತಿತು.

ತೊಂಬತ್ತು ಸೆಕೆಂಡಿನ ಟೀಸರ್ ಹೀಗಿತ್ತು.

'ಒಂದು ಊರು. ಆ ಊರಿನಲ್ಲಿ ಒಂದು ಬೀದಿ. ಆ ಬೀದಿಯಲ್ಲಿ ನೀಲಿ ಬಾಗಿಲಿನ ಒಂದು ಮನೆ. ಆ ಮನೆಯ ಅಟ್ಟದ ಮೇಲೆ ಹನ್ನೊಂದು ತಿಂಗಳಿಂದ ಯಾರೋ ಇದ್ದಾರೆ.' ಲೊಟ ಲೊಟ. 'ಹಗಲು ಸದ್ದಿಲ್ಲ. ಹೊತ್ತು ಮುಳುಗಿದರೆ ಕಾಯಿ ತಾನಾಗಿಯೇ ಉರುಳುತ್ತದೆ. ಮನೆಯವರು ಏಣಿ ತಂದಿದ್ದಾರೆ.' ಇಲ್ಲಿ ಏಣಿ ಕಿರುಗುಟ್ಟುವ ಸದ್ದು. 'ಒಂದು ಮೆಟ್ಟಿಲು. ಎರಡು. ಮೂರು. ನಾಲ್ಕು.' ಐದು ಸೆಕೆಂಡು ಪೂರಾ ಮೌನ. ಆಮೇಲೆ ಪಿಸುಮಾತಿನಲ್ಲಿ, 'ಯಾರದು?'

ಅದಾದ ಮೇಲೆ ವಿವರ. ಈ ಶನಿವಾರ, ಸಂಜೆ ಆರೂವರೆಗೆ ಆರಂಭ, ಆರಕ್ಕೇ ಗೇಟು ತೆರೆಯುತ್ತದೆ. ಸಂತೆ ಮೈದಾನದ ಹಿಂದೆ, ಹಳೇ ಮಂಡಿ ಅಂಗಳ. ದೊಡ್ಡವರಿಗೆ ಐವತ್ತು ರೂಪಾಯಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಉಚಿತ. ಟಿಕೆಟ್ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಮತ್ತು ಗೇಟಿನಲ್ಲಿ. ಜಾಗ ಇರುವುದು ನೂರಿಪ್ಪತ್ತು ಮಂದಿಗೆ. ಫೋನ್ ನಂಬರು ಎರಡು ಸಲ, ಕಟ್ಟಕಡೆಗೆ ನಾಟಕದ ಹೆಸರು.

ಇದರಲ್ಲಿ ಎರಡು ವಿಷಯ ನನ್ನವು. ನೀಲಿ ಬಾಗಿಲು ಅವಳ ಕಾಗದದಲ್ಲಿ ಇರಲಿಲ್ಲ, ಕೇಳುವವನ ಕಣ್ಣಿಗೆ ಕಟ್ಟಲಿ ಎಂದು ನಾನು ಸೇರಿಸಿದೆ. ಇನ್ನೊಂದು, ನಾಟಕ ಎಂಬ ಮಾತನ್ನು ಶುರುವಿನಿಂದ ಕಿತ್ತುಹಾಕಿ ವಿವರದ ಕೊನೆಯ ಸಾಲಿಗೆ ತಳ್ಳಿದೆ. ಅನಿತಾ ಬೇಡ ಎಂದಳು. ಟಿಕೆಟ್ಟಿನ ವಿಷಯ ಮೊದಲೂ ಒಂದು ಸಲ ಬರಲಿ, ನಾಟಕ ಅಂತ ಗೊತ್ತಾಗಲಿ ಎಂದಳು. ನಾಟಕ ಎಂದು ಮೊದಲೇ ಅಂದರೆ ಜನ ಕಿವಿಯ ಬಾಗಿಲು ಹಾಕಿಕೊಳ್ಳುತ್ತಾರೆ, ಈ ಲೈನಿನಲ್ಲಿ ನನಗಿಂತ ತಿಳಿದವರಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಗುರುವಾರ ಬೆಳಿಗ್ಗೆ ಗಂಗರಾಜು ಪೆನ್ ಡ್ರೈವ್ ತೆಗೆದುಕೊಂಡು ಹೋದ. ಅವನು ನನ್ನ ಕಾಯಂ ಆಟೋದವನು, ಶಿಸ್ತಿನ ಮನುಷ್ಯ, ಆ ಶಿಸ್ತೇ ನಮಗೆ ಮುಳುವಾದದ್ದು. ಹೊನ್ನವಳ್ಳಿ ಬಸ್ ಸ್ಟಾಪಿನಲ್ಲಿ ಟೀ ಕುಡಿದು, ಅಲ್ಲೇ ಟೀಸರನ್ನು ಮೊದಲಿಂದ ಹಾಕಿ ಹೊರಡುತ್ತಾನೆ. ಮೇಲಿನ ಬೀದಿ, ನಡು ಬೀದಿ, ಕೆಳಗಿನ ಬೀದಿ ಸುತ್ತಿ ಮತ್ತೆ ಬಸ್ ಸ್ಟಾಪಿಗೆ ಬಂದರೆ ಎರಡು ನಿಮಿಷ. ಅಲ್ಲಿ ಮೈಕು ಬಂದ್ ಮಾಡಿ ಇನ್ನೊಂದು ಸುತ್ತಿಗೆ ಮತ್ತೆ ಮೊದಲಿಂದ ಹಾಕುತ್ತಾನೆ. ಅದೇ ದಾರಿ, ಅದೇ ಸ್ಪೀಡು. ಹಾಗೆ ಹನ್ನೆರಡು ಸುತ್ತು ಹೊಡೆದು, ಕೆಲಸ ಆಯ್ತು ಎಂದು ಫೋನ್ ಮಾಡಿದ.

ಆಟೋ ಒಂದು ಮನೆಯ ಮುಂದೆ ಹಾದುಹೋಗುವಾಗ ಆ ಮನೆಯವರ ಕಿವಿಗೆ ಸ್ಪಷ್ಟವಾಗಿ ಬೀಳುವುದು ಇಪ್ಪತ್ತು ಸೆಕೆಂಡಿನ ಮಾತು, ಹೆಚ್ಚೆಂದರೆ ಇಪ್ಪತ್ತೈದು. ಸೀರೆ ರಿಯಾಯಿತಿಗೆ ಅಷ್ಟು ಸಾಕು, ಯಾಕೆಂದರೆ ಅದರಲ್ಲಿ ಹೇಳಿದ್ದನ್ನೇ ಹೇಳುತ್ತಿರುತ್ತೇವೆ. ಏರುತ್ತಾ ಹೋಗುವ ಟ್ರೈಲರನ್ನು ಒಂದೇ ಕಡೆ ಕೂತವನು ಮಾತ್ರ ಪೂರ್ತಿ ಕೇಳಬಲ್ಲ. ಹದಿನೆಂಟು ವರ್ಷ ಇದೇ ಮಾಡಿದ ನನ್ನ ತಲೆಗೆ ಈ ಸಣ್ಣ ವಿಷಯ ಹೊಳೆಯಲಿಲ್ಲ. ಹನ್ನೆರಡು ಸುತ್ತಿನಲ್ಲೂ ಮೇಲಿನ ಬೀದಿಗೆ ನೀಲಿ ಬಾಗಿಲು ಮತ್ತು ಅಟ್ಟ ಮಾತ್ರ ಸಿಕ್ಕಿತು. ನಡು ಬೀದಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಸುಮ್ಮನಾದದ್ದು ಮಾತ್ರ ಸಿಕ್ಕಿತು. ಕೆಳಗಿನ ಬೀದಿಗೆ ದಿನ, ಹೊತ್ತು, ಐವತ್ತು ರೂಪಾಯಿ, ಫೋನ್ ನಂಬರು. ನಾಟಕ ಎಂಬ ಪದ ಬರುವಷ್ಟರಲ್ಲಿ ಆಟೋ ಕೆರೆ ಏರಿ ಮುಟ್ಟಿರುತ್ತಿತ್ತು, ಅದನ್ನು ಕೇಳಿದ್ದು ಅಲ್ಲಿ ಮೇಯುತ್ತಿದ್ದ ಎಮ್ಮೆಗಳು.

ಮಧ್ಯಾಹ್ನದಿಂದ ಅನಿತಾಗೆ ಫೋನುಗಳು ಶುರುವಾದವು. ಐವತ್ತು ರೂಪಾಯಿಗೆ ಸೀರೆ ಒಂದೋ ಎರಡೋ ಎಂದು ಒಬ್ಬಾಕೆ ಕೇಳಿದಳು. ಮಕ್ಕಳಿಗೆ ಉಚಿತ ಅಂದಿರಲ್ಲ, ಡ್ರಾಪ್ಸೋ ಇಂಜೆಕ್ಷನ್ನೋ ಎಂದು ಇನ್ನೊಬ್ಬರು ಕೇಳಿದರು. ನಡು ಬೀದಿಯವರು ಫೋನ್ ಮಾಡಲಿಲ್ಲ, ನಾಗಭೂಷಣನ ಮೈಕು ಕೆಟ್ಟಿದೆ, ಬೆಳಗಿಂದ ಟೆಸ್ಟಿಂಗ್ ಮಾಡುತ್ತಲೇ ಇದ್ದಾನೆ ಎಂದು ನಕ್ಕು ಸುಮ್ಮನಾದರು. ಅದುವರೆಗೆ ಮಾರಾಟವಾದ ಟಿಕೆಟ್ಟು ಒಂದೂ ಇಲ್ಲ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಮೇಲಿನ ಬೀದಿಯಲ್ಲಿ ನೀಲಿ ಬಾಗಿಲಿನ ಮನೆ ಇರುವುದು ಒಂದೇ, ಬಸವರಾಜಪ್ಪನವರದು. ಅಟ್ಟದಿಂದ ಕೊಬ್ಬರಿ ಕದಿಯುವವರ ಸುದ್ದಿ ಮೂರು ದಿನಕ್ಕೊಮ್ಮೆ ಬರುವ ಸೀಮೆ ನಮ್ಮದು. ಸರ್ಕಾರದವರೇ ಮೈಕಿನಲ್ಲಿ ಎಚ್ಚರಿಸುತ್ತಿದ್ದಾರೆ ಎಂದುಕೊಂಡು ಇಪ್ಪತ್ತು ಜನ ದೊಣ್ಣೆ ಹಿಡಿದು ಆ ಮನೆಗೆ ಹೋದರು. ಬಸವರಾಜಪ್ಪ ತೋಟದಲ್ಲಿದ್ದರು. ಅವರ ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ಮೇಲೆ ಯಾರೂ ಇಲ್ಲ, ಹತ್ತಬೇಡಿ ಎಂದರೂ ಕೇಳದೆ ಹತ್ತಿದರು.

ಕಳ್ಳ ಸಿಗಲಿಲ್ಲ. ಕಾಯಿ ರಾಶಿಯ ಹಿಂದೆ ಕಿಟಕಿ ಪಕ್ಕದಲ್ಲಿ ಒಂದು ಚಾಪೆ, ದಿಂಬು, ಚಿಕ್ಕ ರೇಡಿಯೋ, ತೊಳೆದು ಮಗುಚಿದ ಒಂದು ಲೋಟ ಮತ್ತು ಕನ್ನಡಕ ಇಟ್ಟ ಒಂದು ಪುಸ್ತಕ ಸಿಕ್ಕವು. ಲಕ್ಷ್ಮಿದೇವಮ್ಮ ದಿನವೂ ಮಧ್ಯಾಹ್ನ ಎರಡು ಗಂಟೆ ಕಾಲ ಅಲ್ಲಿಗೆ ಹೋಗಿ ಕೂರುತ್ತಿದ್ದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಈಗ ಇಡೀ ಬೀದಿಗೆ ಗೊತ್ತಾಯಿತು, ಆ ಸಾಮಾನನ್ನೆಲ್ಲ ಮೂಟೆಯಂತೆ ಎತ್ತಿಕೊಂಡು ಬಂದು ಜಗಲಿ ಮೇಲೆ ಹರಡಿದ್ದರು. ಆ ವಿಷಯ ಕೇಳಿ ನನಗೆ ನಾಚಿಕೆಯಾಯಿತು.

ಸಾಯಂಕಾಲ ಐದಕ್ಕೆ ನಾನೂ ಅನಿತಾನೂ ಕ್ಷಮೆ ಕೇಳಲು ಹೋದೆವು. ಬಸವರಾಜಪ್ಪ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ, ಹೆಂಡತಿಗೆ ಕೂರಲು ಕೆಳಗೆ ಜಾಗ ಇಲ್ಲವೇನೋ ಎಂಬ ಹಾಗೆ ಊರವರೆಲ್ಲ ಮುಖ ನೋಡುತ್ತಿದ್ದಾರೆ, ಮಾನ ಕಳೆದೆಯಲ್ಲಯ್ಯ ಎಂದು ಹತ್ತು ನಿಮಿಷ ಉಗಿದರು. ನಾನು ತಲೆ ತಗ್ಗಿಸಿ ಉಗಿಸಿಕೊಂಡೆ. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಹೊರಗೆ ಬಂದರು. ಅದು ನಾಟಕದ ಪ್ರಚಾರ, ತಪ್ಪು ನಮ್ಮದೇ ಎಂದು ಅನಿತಾ ಕೈಮುಗಿದು ಹೇಳಿದಳು.

ಆಕೆ, "ನಾಟಕ್ದಲ್ಲೂ ಹಿಂಗೇ ದೊಣ್ಣೆ ಹಿಡ್ಕೊಂಡು ಹತ್ತಿ ನೋಡ್ತಾರೇನವ್ವ?" ಎಂದರು.

ಹೌದು ಎಂದಳು ಅನಿತಾ.

"ಮ್ಯಾಲೆ ಯಾರಿರ್ತಾರೆ?"

ಅನಿತಾಳ ಬಾಯಿಗೆ ಮಾತು ಬಂದಿತ್ತು, ತಡೆದುಕೊಂಡಳು. ಅದನ್ನು ಶನಿವಾರವೇ ನೋಡಬೇಕಮ್ಮ ಎಂದಳು. ಅಂಥ ಹೊತ್ತಿನಲ್ಲೂ ಹೇಳಲಿಲ್ಲವಲ್ಲ, ಅಲ್ಲಿ ನಾನು ಅವಳಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ದುಡ್ಡೇನೂ ಬೇಡ, ಸುಮ್ಮನೆ ಬನ್ನಿ ಎಂದೂ ಅವಳು ಸೇರಿಸಿದಳು.

"ಸುಮ್ನೆ ಯಾಕ್ ಬರ್ಲಿ?" ಎಂದು ಲಕ್ಷ್ಮಿದೇವಮ್ಮ ಒಳಗೆ ಹೋಗಿ ಐವತ್ತರ ನೋಟು ತಂದರು. ಅವರಿಗೂ ಒಂದು ಕೊಡಲೇ ಎಂದು ಅನಿತಾ ಬಸವರಾಜಪ್ಪನವರ ಕಡೆ ನೋಡಿದಳು. "ಬ್ಯಾಡ. ಒಂದೇ ಸಾಕು," ಎಂದರು ಆಕೆ.

ಅದು ಮೊದಲನೇ ಟಿಕೆಟ್ಟು. ಅದೇ ಕೊನೆಯದೂ ಆಗಬಾರದು ಎಂದು ನಾವು ನೇರ ಸ್ಟುಡಿಯೋಗೆ ಹೋದೆವು. ಈ ಸಲ ಅನಿತಾ ಹೇಳಿದಳು, ನಾನು ಬಾಯಿ ಮುಚ್ಚಿಕೊಂಡು ಮಾಡಿದೆ. ಪ್ರಚಾರವನ್ನು ಎರಡು ಮಾಡಿದೆವು. ಓಡುವ ಆಟೋಗೆ ಹದಿನೈದೇ ಸೆಕೆಂಡು. ಲೊಟ ಲೊಟ ಸದ್ದು, ಆಮೇಲೆ 'ನಾಟಕ, ಅಟ್ಟದ ಮೇಲೆ ಯಾರು? ಶನಿವಾರ ಸಂಜೆ ಆರೂವರೆ, ಹಳೇ ಮಂಡಿ ಅಂಗಳ, ಟಿಕೆಟ್ ಐವತ್ತು ರೂಪಾಯಿ, ಬಸ್ ಸ್ಟಾಪಿನ ಟೀ ಅಂಗಡಿ.' ಅದೇ ಮತ್ತೆ ಮತ್ತೆ. ಯಾವ ಬೀದಿಯ ಯಾವ ಮನೆಯವರು ಎಲ್ಲಿ ಕಿವಿಗೊಟ್ಟರೂ ಪೂರ್ತಿ ಸಿಗಬೇಕು. ಉದ್ದನೆಯ ಟೀಸರನ್ನು ಜನ ನಿಂತಲ್ಲಿ ನಿಲ್ಲುವ ಕಡೆಗೆ ಇಟ್ಟುಕೊಂಡೆವು. ಅದರ ಮೊದಲ ಸಾಲೇ 'ಇದು ನಾಟಕ' ಎಂದಾಯಿತು. ಹಾಗೆ ಹೇಳಿದರೆ ಹೆದರಿಕೆ ಸತ್ತುಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ, ಸಾಯಲಿಲ್ಲ. ನೀಲಿ ಬಾಗಿಲನ್ನು ನಾನೇ ಕಿತ್ತೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಮುಂದೆ ಆಟೋ ನಿಲ್ಲಿಸಿದೆವು. ಕ್ಯಾನು ಹಿಡಿದು ಸಾಲು ನಿಂತವರು ಅಳತೆ ಮುಗಿಯುವವರೆಗೂ ಅಲ್ಲಾಡುವ ಹಾಗಿಲ್ಲ, ನಮ್ಮ ತೊಂಬತ್ತು ಸೆಕೆಂಡು ಅವರಿಗೆ ಬೇಡವೆಂದರೂ ಬೀಳುತ್ತದೆ. ನಾಲ್ಕನೇ ಮೆಟ್ಟಿಲಿನ ಆಚೆ ಮೌನ ಬಂದಾಗ ಹಾಲಿನ ಫ್ಯಾಟ್ ಅಳೆಯುವ ಹುಡುಗಿಯೂ ಕೈ ನಿಲ್ಲಿಸಿದಳು. ಯಾರದು ಎಂದ ಕೂಡಲೇ ಸಾಲಿನಲ್ಲಿ ಒಬ್ಬಾಕೆ, ಬಸವರಾಜಪ್ಪನ ಮನೇದಂತೆ ಕಣೇ ಎಂದು ಪಕ್ಕದವಳಿಗೆ ಹೇಳಿದಳು. ಅಲ್ಲವೆಂದು ನಾನು ಗಂಟಲು ಹರಿದುಕೊಂಡರೂ ನಂಬಲಿಲ್ಲ. ಸಂಜೆ ಮತ್ತೆ ಡೈರಿ, ಮಧ್ಯೆ ಬಸ್ ಸ್ಟಾಪು. ಟೀ ಅಂಗಡಿಯವನು ಸಂಜೆ ಹೊತ್ತಿಗೆ ಮೂವತ್ತೊಂದು ಟಿಕೆಟ್ಟು ಹೋಯಿತು ಎಂದ. ಶನಿವಾರ ಗೇಟು ತೆರೆದಾಗ ಒಟ್ಟು ಎಂಬತ್ತಾರಾಗಿತ್ತು.

ಹೆಂಗಸರೇ ಜಾಸ್ತಿ. ಲಕ್ಷ್ಮಿದೇವಮ್ಮ ಎರಡನೇ ಸಾಲಿನಲ್ಲಿ ಒಬ್ಬರೇ ಬಂದು ಕೂತರು. ಬಂದವರಲ್ಲಿ ಅರ್ಧ ಜನ ನಾಟಕ ನೋಡಲಲ್ಲ, ಆಕೆಯ ಮುಖ ನೋಡಲೇ ಬಂದಿದ್ದರು ಎಂದು ನನಗೆ ಅನುಮಾನವಾಯಿತು. ಅದನ್ನು ಪರದೆಯ ಹಿಂದೆ ಅನಿತಾಗೂ ಹೇಳಿಬಿಟ್ಟೆ, ನನ್ನ ನಾಲಗೆಗೆ ಮೂಳೆ ಇಲ್ಲ. ಅವಳ ಮುಖ ಸಣ್ಣಗಾಯಿತು. ಹಾಗಾದ್ರೆ ಇವರೂ ನಮ್ಮನ್ನ ನೋಡಕ್ಕೆ ಬಂದೋರಲ್ಲ ಎಂದು ಏಣಿ ಹತ್ತಿದಳು.

ನಾಲ್ಕು ಬೊಂಬು ನೆಟ್ಟು ಹಲಗೆ ಹಾಸಿದ್ದೇ ಅಟ್ಟ, ಸೊಸೆಯ ಪಾತ್ರ ಅವಳದೇ. ಮೊದಲರ್ಧ ಗಂಟೆ ಜನ ಬಿದ್ದು ಬಿದ್ದು ನಕ್ಕರು, ದೊಣ್ಣೆ ಹಿಡಿದವರು ಬಂದಾಗ ಮಾತ್ರ ಮೇಲಿನ ಬೀದಿಯವರು ನಗುವುದನ್ನು ನಿಲ್ಲಿಸಿದರು. ಸೊಸೆ ಎಂದು ಗೊತ್ತಾದ ಕೂಡಲೇ ಅಂಗಳ ತಣ್ಣಗಾಯಿತು. ಕೊನೆಯ ದೃಶ್ಯದಲ್ಲಿ ಗಂಡನ ಪಾತ್ರದ ಪುನೀತ್ ಏಣಿಯ ಬುಡದಲ್ಲಿ ನಿಂತು, ಇನ್ನು ಮೇಲೆ ನಿನ್ನ ಕೇಳದೆ ಒಂದು ಕಾಯೂ ಮಾರಲ್ಲ, ಇಳಿ ಎನ್ನಬೇಕು. ಅನಿತಾ ಇಳಿಯಬೇಕು, ಎಲ್ಲರೂ ಸೇರಿ ಹಾಡಬೇಕು. ಅವನು ಅಂದ. ಅವಳು ಏಣಿಗೆ ಒಂದು ಕಾಲಿಟ್ಟಳು.

"ಇಳೀಬ್ಯಾಡ ಕಣವ್ವ," ಎಂದರು ಲಕ್ಷ್ಮಿದೇವಮ್ಮ ಕೂತಲ್ಲಿಂದಲೇ. "ಇಳಿದ್ರೆ ಮೊದ್ಲು ಕಾಫಿ ಕೇಳ್ತಾರೆ."

ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. ಅನಿತಾ ಕಾಲು ಹಾಗೇ ಇಟ್ಟುಕೊಂಡು ಎರಡನೇ ಸಾಲಿನ ಕಡೆ ನೋಡಿದಳು. ಆಮೇಲೆ ಕಾಲು ಮೇಲೆಳೆದುಕೊಂಡು ಹಲಗೆಯ ಮೇಲೆ ಸರಿಯಾಗಿ ಕೂತಳು.

"ಕಾಫಿ ಮಾಡ್ಕೊಂಡು ನೀವೇ ಮೇಲಕ್ ಬನ್ನಿ. ಆಮೇಲೆ ಮಾತಾಡಾಣ," ಎಂದಳು ಗಂಡನಿಗೆ.

ಇದು ನಾಟಕದಲ್ಲಿ ಇರಲಿಲ್ಲ. ಪುನೀತ್ ನನ್ನ ಕಡೆ ನೋಡಿದ. ಆಟದ ಸೌಂಡು ನನ್ನ ಕೈಯಲ್ಲಿತ್ತು, ಕೊನೆಯ ಹಾಡಿನ ಬಟನ್ ಮೇಲಿದ್ದ ಬೆರಳನ್ನು ನಾನು ತೆಗೆದುಬಿಟ್ಟೆ. ಪಾಪ, ಅವನಿಗೆ ಬೇರೇನೂ ತೋಚದೆ ಗೇಟು ದಾಟಿ ಬಸ್ ಸ್ಟಾಪಿನ ಟೀ ಅಂಗಡಿ ಕಡೆಗೆ ಓಡಿದ.

ಅವನು ಬರುವವರೆಗೆ ಆರು ನಿಮಿಷ. ಆಟವಿಲ್ಲ, ಹಾಡಿಲ್ಲ, ಮಾತಿಲ್ಲ, ಬೊಂಬಿನ ಅಟ್ಟದ ಮೇಲೆ ಸುಮ್ಮನೆ ಕೂತ ಒಬ್ಬ ಹೆಂಗಸು. ಹೊರಗೆ ಗಂಗರಾಜು ಗೇಟನ್ನು ಪೂರ್ತಿ ತೆರೆದೇ ಬಿಟ್ಟಿದ್ದ. ಎದ್ದು ಹೋಗಬೇಡಿ ಎನ್ನಲು ಅಲ್ಲಿ ಮೇಷ್ಟ್ರೂ ಇರಲಿಲ್ಲ, ಸಂಘದ ಮೇಡಮ್ಮೂ ಇರಲಿಲ್ಲ. ನಾನು ಎದ್ದವರನ್ನು ಎಣಿಸಲು ಕಾದೆ. ಯಾರೂ ಏಳಲಿಲ್ಲ. ಎಂಬತ್ತಾರು ಜನರೂ ಕಾಫಿ ಬರುವುದನ್ನೇ ಕಾಯುತ್ತಾ ಕತ್ತೆತ್ತಿ ಕೂತಿದ್ದರು. ಲಕ್ಷ್ಮಿದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಲಿನಿಂದ ಅನಿತಾ ಒಂದೊಂದೇ ಮುಖ ನೋಡುತ್ತಿದ್ದಳು. ಕರಾರನ್ನು ವಾಪಸು ಕೊಡುವುದೆಂದು ತೀರ್ಮಾನಿಸಿದ್ದು ಆ ಆರು ನಿಮಿಷದಲ್ಲೇ ಎಂದು ಆಮೇಲೆ ಹೇಳಿದಳು.

ಪುನೀತ್ ಲೋಟ ತುಳುಕಿಸುತ್ತಾ ಬಂದು ಒಂದು ಕೈಯಲ್ಲಿ ಏಣಿ ಹಿಡಿದು ಹತ್ತತೊಡಗಿದ. ಹೆಂಗಸರು ಚಾಪೆಯ ಮೇಲೆ ಮುಂದಕ್ಕೆ ಸರಿದು ಅವನಿಗೆ ಮೆಟ್ಟಿಲು ಎಣಿಸಿ ಹೇಳುತ್ತಿದ್ದರು.